ದಿನಾ ಹಾಕೋ ಕಾಲ್ಗೆಜ್ಜೆ 14 ತಿಂಗಳಿಗೇ ಕಿತ್ತೋಯ್ತು, 925 ಮುದ್ರೆ ಇತ್ತು, ಎಲ್ಲಿ ಎಡವಿದೆ?

ಶಾಲ್ಮಲ ಹಾಸನ
ನಮಸ್ಕಾರ ಎಲ್ರಿಗೂ. ನಾನು ಪ್ರೈಮರಿ ಸ್ಕೂಲ್ ಟೀಚರ್, ದಿನಾ ಬಸ್ ಸ್ಟಾಪಿಂದ ಸ್ಕೂಲಿಗೆ ಹೋಗಿ ಬರೋದೇ ಮೂರು ಕಿಲೋಮೀಟರ್ ನಡಿಗೆ, ಕ್ಲಾಸಲ್ಲೂ ನಿಂತೇ ಇರ್ತೀನಿ. ಮದುವೆ ಗೆಜ್ಜೆ ಭಾರ ಅಂತ ಎತ್ತಿಟ್ಟು ಹೋದ ವರ್ಷ ದಿನಾ ಹಾಕೋಕೆ ಅಂತಲೇ ಒಂದು ಜೊತೆ ತಗೊಂಡೆ, ಬಿಲ್ಲಲ್ಲಿ 46.2 ಗ್ರಾಂ, ಕೊಕ್ಕೆ ಪಕ್ಕ 925 ಅಂತ ಮುದ್ರೆ ಇದೆ. ಸರಿಯಾಗಿ 14 ತಿಂಗಳಿಗೆ ಬಲಗಾಲಿಂದು ಕಿತ್ತು ಸ್ಕೂಲ್ ಮೈದಾನದಲ್ಲಿ ಬಿತ್ತು, ಮಕ್ಕಳು ಹುಡುಕಿ ಕೊಟ್ರು. ಅಂಗಡಿಗೆ ಹೋದ್ರೆ ಈಗ ತೂಕ 45 ಗ್ರಾಂ ಅಂದ್ರು, ಎಕ್ಸ್‌ಚೇಂಜ್ ಮಾಡೋದಾದ್ರೆ 65 ಟಂಚ್, ಅಂದ್ರೆ ನೂರಕ್ಕೆ 65 ಭಾಗ ಬೆಳ್ಳಿ ಅಂತ ಲೆಕ್ಕ ಹಾಕ್ತೀವಿ ಅಂದ್ರು. ತಗೋವಾಗ 92.5, ಕೊಡೋವಾಗ 65 ಹೇಗೆ? ಮತ್ತೆ ದಿನಾ ಹಾಕಿದ್ರೂ ನಾಲ್ಕೈದು ವರ್ಷ ಬರೋ ಗೆಜ್ಜೆ, ಕಾಲುಂಗುರ ಹೇಗೆ ಆರಿಸ್ಬೇಕು ಅಂತ ಗೊತ್ತಿದ್ದೋರು ಹೇಳಿ ಪ್ಲೀಸ್.

ರವಿಕಿರಣ್ 81
ಮೇಡಂ ಮೊದಲು ಮ್ಯಾಗ್ನೆಟ್ ಇಟ್ಟು ನೋಡಿ, ಅಂಟಿಕೊಂಡ್ರೆ ಬೆಳ್ಳಿ ಅಲ್ಲ. ಅಂಟಿಕೊಳ್ಳದೇ ಇದ್ರೆ ಒರಿಜಿನಲ್. ಇನ್ನೊಂದು ನೀರಿನ ಟೆಸ್ಟ್, ಅಡುಗೆಮನೆ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ದಾರದಲ್ಲಿ ಗೆಜ್ಜೆ ಇಳಿಬಿಟ್ರೆ ಎಷ್ಟು ತೂಕ ಏರುತ್ತೋ ಅದರಿಂದ ಗೆಜ್ಜೆ ತೂಕಾನ ಭಾಗಿಸಿ, 10.4 ಹತ್ರ ಬಂದ್ರೆ 92.5 ಬೆಳ್ಳಿ ಅಂತ ಅರ್ಥ. ನಾನು ಮನೇಲಿ ಬೆಳ್ಳಿ ನಾಣ್ಯಕ್ಕೆ ಮಾಡಿ ನೋಡಿದೀನಿ, ಪಕ್ಕಾ ಬರುತ್ತೆ. ಇನ್ನು ಕಪ್ಪಾಗೋದು ಅಂದ್ರೇನೇ ಬೆಳ್ಳಿ ಕಲಬೆರಕೆ ಅಂತ, ಶುದ್ಧ ಬೆಳ್ಳಿ ಕಪ್ಪಾಗಲ್ಲ.

ಕುಲುಮೆ ತುಮಕೂರು
ನಮ್ದು ಅಕ್ಕಸಾಲಿ ಮನೆ, ಅಪ್ಪ ಬೆಳ್ಳಿ ಕೆಲಸ ಮಾಡ್ತಿದ್ರು, ನಾನು ಈಗ ಹೆಚ್ಚಾಗಿ ರಿಪೇರಿ ಮಾಡ್ತೀನಿ, ತಿಂಗಳಿಗೆ ನಲವತ್ತೈವತ್ತು ಜೊತೆ ಗೆಜ್ಜೆ ಕೈಗೆ ಬರುತ್ತೆ.

ರವಿ ಸರ್, ನಾಣ್ಯಕ್ಕೆ ನಿಮ್ಮ ನೀರಿನ ಲೆಕ್ಕ ಸರಿ. ಗೆಜ್ಜೆಗೆ ನಡೆಯಲ್ಲ. ಯಾಕಂದ್ರೆ ಬೆಳ್ಳಿಗೆ ಬೆರೆಸೋದು ಸಾಮಾನ್ಯವಾಗಿ ತಾಮ್ರ, ಅದೂ ಭಾರದ ಲೋಹವೇ. 92.5 ಬೆಳ್ಳಿಗೆ 10.35 ಚಿಲ್ಲರೆ ಬಂದ್ರೆ 80 ಬೆಳ್ಳಿಗೆ 10.1 ಚಿಲ್ಲರೆ ಬರುತ್ತೆ, ಎರಡು ಪರ್ಸೆಂಟ್ ವ್ಯತ್ಯಾಸ ಅಷ್ಟೇ, ಮನೆ ತಕ್ಕಡಿಯಲ್ಲಿ ಅದು ಕಾಣಲ್ಲ. ಮೇಲಾಗಿ ಗೆಜ್ಜೆ ಗುಂಡು ಒಳಗೆ ಪೊಳ್ಳು, ಗಾಳಿ ಕೂತಿರುತ್ತೆ, ಲೆಕ್ಕ ಇನ್ನೂ ಕೆಳಗೆ ಬಂದು ಒಳ್ಳೆ ಬೆಳ್ಳಿಯೂ ಖೋಟಾ ಥರ ಕಾಣುತ್ತೆ. ಮ್ಯಾಗ್ನೆಟ್ ಕಬ್ಬಿಣ ಹಿಡಿಯುತ್ತೆ, ತಾಮ್ರ ಹಿತ್ತಾಳೆ ಹಿಡಿಯಲ್ಲ, ಹಾಗಾಗಿ ಅಂಟಲಿಲ್ಲ ಅಂದ ಮಾತ್ರಕ್ಕೆ ಬೆಳ್ಳಿ ಅಂತ ಆಗಲ್ಲ. ಸ್ಪ್ರಿಂಗ್ ಕೊಕ್ಕೆ ಇದ್ರೆ ಒಳಗಿನ ಸ್ಟೀಲ್ ಸ್ಪ್ರಿಂಗು ಅಂಟಬಹುದು, ಅದಕ್ಕೆ ಗೆಜ್ಜೆ ಪೂರಾ ಖೋಟಾ ಅನ್ನಂಗಿಲ್ಲ. ಕಪ್ಪು ವಿಷಯ, ನೂರಕ್ಕೆ ನೂರು ಬೆಳ್ಳಿಯೂ ಕಪ್ಪಾಗುತ್ತೆ, ಗಾಳಿ ಬೆವರಲ್ಲಿರೋ ಗಂಧಕದ ಅಂಶಕ್ಕೆ. ತಾಮ್ರ ಜಾಸ್ತಿ ಇದ್ರೆ ಬೇಗ ಆಗುತ್ತೆ, ಕಾಲ ಮೇಲೆ ಹಸಿರು ಗೆರೆ ಬೀಳುತ್ತೆ, ಆ ಹಸಿರು ಬೇರೆ ಸುಳಿವು.

ಶಾಲ್ಮಲ ಮೇಡಂ, ಒಂದು ಪ್ರಶ್ನೆ. 925 ಪಕ್ಕ ಇನ್ನೇನಾದ್ರೂ ಗುರುತು ಇದೆಯಾ? ತ್ರಿಕೋನ ಥರದ ಬಿಐಎಸ್ ಗುರುತು, ಆರು ಅಕ್ಷರ-ಅಂಕಿ ಸೇರಿದ ಒಂದು ನಂಬರು? ಮತ್ತೆ ಕಿತ್ತಿದ್ದು ಯಾವ ಜಾಗ, ಗೆಜ್ಜೆ ಮಧ್ಯನಾ ಕೊಕ್ಕೆ ಹತ್ರನಾ?

ಶಾಲ್ಮಲ ಹಾಸನ
ಬರೀ 925 ಸರ್, ಬೇರೆ ಏನೂ ಇಲ್ಲ, ಮೊಬೈಲ್ ಕ್ಯಾಮೆರಾ ಜೂಮ್ ಹಾಕಿ ನೋಡ್ದೆ. ಕಿತ್ತಿದ್ದು ಕೊಕ್ಕೆಯಿಂದ ಎರಡನೇ ಉಂಗುರದ ಹತ್ರ. ಕಿತ್ತ ತುದಿ ನೋಡಿದ್ರೆ ಒಂದು ಕಡೆ ಕೂದಲಿನಷ್ಟು ಸಣ್ಣ ಆಗಿದೆ, ಇನ್ನೊಂದು ಕಡೆ ದಪ್ಪ ಹಾಗೇ ಇದೆ.

ಕುಲುಮೆ ತುಮಕೂರು
ಅದೇ ಅಂದ್ಕೊಂಡೆ. ನಿಮ್ಮ ಹತ್ರ ಎರಡು ತೊಂದರೆ ಬೇರೆ ಬೇರೆ ಇವೆ ಮೇಡಂ, ಕಿತ್ತಿದ್ದಕ್ಕೂ ಟಂಚ್‌ಗೂ ಸಂಬಂಧ ಕಡಿಮೆ.

ಕಿತ್ತಿದ್ದು ಸವೆದು. ಗೆಜ್ಜೆ ಉಂಗುರಗಳು ಒಂದರೊಳಗೊಂದು ನೇತಾಡ್ತಾ ಹೆಜ್ಜೆ ಹೆಜ್ಜೆಗೂ ಒಂದೇ ಜಾಗದಲ್ಲಿ ಉಜ್ಜುತ್ತವೆ, ಮಧ್ಯೆ ಮೈದಾನದ ಮಣ್ಣು, ಸೋಪು, ಬೆವರು ಸೇರಿದ್ರೆ ಸಣ್ಣ ಅರ ಇಟ್ಟು ಉಜ್ಜಿದಂಗೆ. ಕೊಕ್ಕೆ ಪಕ್ಕದ ಎರಡು ಉಂಗುರಕ್ಕೆ ಎಲ್ಲಕ್ಕಿಂತ ಜಾಸ್ತಿ ಪೆಟ್ಟು, ಸೀರೆ ಫಾಲ್‌ಗೋ ಹೊದಿಕೆ ದಾರಕ್ಕೋ ಸಿಕ್ಕಿ ಜಗ್ಗಿದಾಗ ಎಳೆತ ಅಲ್ಲೇ ಬಂದು ನಿಲ್ಲುತ್ತೆ. ನಿಮ್ಮ 1.2 ಗ್ರಾಂ ಹೋಗಿದ್ದೂ ಬಹುಪಾಲು ಹಾಗೇ ಸವೆದು ಹೋಗಿದ್ದು. ತಗೊಳ್ಳುವಾಗ ಎಲ್ರೂ ಮುಂದಿನ ಡಿಸೈನ್ ನೋಡ್ತಾರೆ, ನಾನು ಹೇಳೋದು ಗೆಜ್ಜೆ ಉಲ್ಟಾ ಹಿಡಿದು ಕೊಕ್ಕೆ ಪಕ್ಕದ ಉಂಗುರ ಮೊದಲು ನೋಡಿ ಅಂತ. ಆ ಉಂಗುರದ ಬಾಯಿಗೆ ಬೆಸುಗೆ ಬಿದ್ದಿದೆಯಾ, ಬರೀ ಮಡಚಿ ಒತ್ತಿ ಬಿಟ್ಟಿದಾರಾ. ಮಡಚಿದ್ದಾದ್ರೆ ಉಗುರು ಹಾಕಿದ್ರೆ ಸಣ್ಣ ಸೀಳು ಸಿಗುತ್ತೆ. ತಂತಿ ದಪ್ಪ ಒಂದು ಮಿಲಿಮೀಟರ್‌ಗಿಂತ ಕಮ್ಮಿ ಇದ್ರೆ ದಿನಾ ಹಾಕೋಕೆ ಬೇಡ. 40 ಗ್ರಾಂ ಗೆಜ್ಜೆಯಲ್ಲಿ 35 ಗ್ರಾಂ ಡಿಸೈನಿಗೆ ಹಾಕಿ ಕೊಂಡಿಗೆ ಸಣ್ಣ ತಂತಿ ಕೊಟ್ಟಿದ್ರೆ ಅದು ಉಳಿಯಲ್ಲ, ಅದೇ ತೂಕದಲ್ಲಿ ಸಾದಾ ದಪ್ಪ ಸರಪಳಿ ಆದ್ರೆ ವರ್ಷಗಟ್ಟಲೆ ಬರುತ್ತೆ.

ಇನ್ನೊಂದು, ಪೂರಾ ಸವೆಯೋ ತನಕ ಕಾಯಬೇಡಿ. ಆರು ತಿಂಗಳಿಗೊಮ್ಮೆ ಕೊಕ್ಕೆ ಪಕ್ಕದ ಉಂಗುರಗಳನ್ನ ಸಡಿಲ ಮಾಡಿ ಬೆಳಕಿಗೆ ಹಿಡಿದು ನೋಡಿ, ಒಳಗಡೆ ಗುಂಡಿ ಬಿದ್ದು ಅರ್ಧ ದಪ್ಪ ಹೋಗಿದ್ರೆ ಆ ಎರಡು ಉಂಗುರ ಬದಲಾಯಿಸಿಬಿಡಿ, ದಪ್ಪ ತಂತಿದು, ಬೆಸುಗೆ ಹಾಕಿದ್ದು. ಹತ್ತು ನಿಮಿಷದ ಕೆಲಸ.

ಬೆಳಗಾವಿ ಗಂಗಾ
ನಮ್ಮ ಕಡೆ ಹುಪರಿ ಗೆಜ್ಜಿ ಭಾಳ ನಡೀತಾವ್ರಿ, ಕೊಲ್ಹಾಪುರ ಜಿಲ್ಲಾದಾಗ ಐತಿ, ನಿಪ್ಪಾಣಿ ದಾಟಿದ್ರ ಹತ್ರಾನ. ಇಡೀ ಊರೇ ಬೆಳ್ಳಿ ಕೆಲಸದ್ದು. ನಮ್ಮ ಅವ್ವಾರ ಪೈಜಣ ಇಪ್ಪತ್ತ ವರ್ಷ ಆತು, ಎರಡ ಸಲ ಕೊಂಡಿ ಬದಲ ಮಾಡಿಸ್ಯಾರ ಅಷ್ಟ, ಹೊಲದ ಕೆಲಸ ಮಾಡ್ಕೊಂತ ಹಾಕ್ಯಾರ. ಅದು 92.5 ಅಲ್ರಿ, ಕಮ್ಮಿ ಟಂಚಿಂದ, ಆದ್ರ ದಪ್ಪ ಐತಿ. ಮತ್ತ ಕುಲುಮೆ ಅಣ್ಣಾರ, ಕಮ್ಮಿ ಟಂಚಿನ ಬೆಳ್ಳಿ ಗಟ್ಟಿ ಇರ್ತದ ಅಂತ ನಮ್ಮ ಅಕ್ಕಸಾಲಿಗ ಹೇಳ್ತಾನ, ಖರೇನಾ?

ಕುಲುಮೆ ತುಮಕೂರು
ಅರ್ಧ ಖರೆ ಅಕ್ಕಾರ. ಅಪ್ಪಟ ಬೆಳ್ಳಿ ಮೆತ್ತಗೆ, ಬರೀ 99ರ ಬೆಳ್ಳಿಲಿ ಕೊಂಡಿ ಮಾಡಿದ್ರೆ ಜಗ್ಗಿದಾಗ ಉದ್ದ ಆಗುತ್ತೆ, ಅದಕ್ಕೇ ತಾಮ್ರ ಬೆರೆಸ್ತಾರೆ. 7.5 ಭಾಗ ತಾಮ್ರಕ್ಕೇ ಸಾಕಷ್ಟು ಗಟ್ಟಿತನ ಬರುತ್ತೆ. 20 ಭಾಗ ಹಾಕಿದ್ರೆ ಇನ್ನೂ ಸ್ವಲ್ಪ ಗಟ್ಟಿ, ಆದ್ರೆ ಬೇಗ ಕಪ್ಪಾಗುತ್ತೆ. ನನ್ನ ಅನುಭವದಲ್ಲಿ 80ರದ್ದು ದಪ್ಪ ಗೆಜ್ಜೆ 92.5ರ ತೆಳು ಗೆಜ್ಜೆಗಿಂತ ಜಾಸ್ತಿ ಬಾಳಿಕೆ ಬರುತ್ತೆ. 80ರದ್ದಕ್ಕೆ 80ರ ದುಡ್ಡು ಮಾತ್ರ ತಗೊಂಡ್ರೆ ನನಗೆ ಅದು ತಪ್ಪು ಅನ್ಸಲ್ಲ.

ಸುಧಾ ಲೆಸ್ಟರ್
ಇದಕ್ಕೆ ನಾನು ಒಪ್ಪಲ್ಲ ಕುಲುಮೆ ಅವರೇ. ನನಗೆ ಕಮ್ಮಿ ಬೆಳ್ಳಿ ಹಾಕಿದ್ರೆ ಕಾಲು ಕೆಂಪಾಗಿ ತುರಿಸುತ್ತೆ, 92.5ರಲ್ಲಿ ಆಗಲ್ಲ. ತಾಮ್ರ ಅಂತ ಹೇಳಿ ನಿಕ್ಕಲ್ ಬೆರೆಸಿದ್ರೆ ನಮಗೆ ಹೇಗೆ ಗೊತ್ತಾಗ್ಬೇಕು. ಇಲ್ಲಿ ಬ್ರಿಟನ್‌ನಲ್ಲಿ 7.78 ಗ್ರಾಂಗಿಂತ ಜಾಸ್ತಿ ತೂಕದ್ದನ್ನ ಬೆಳ್ಳಿ ಅಂತ ಮಾರ್ಬೇಕಾದ್ರೆ ಹಾಲ್‌ಮಾರ್ಕ್ ಕಡ್ಡಾಯ, ಕಾಲುಂಗುರದಂಥ ಸಣ್ಣದಕ್ಕೆ ಬೇಕಿಲ್ಲ. ಇಲ್ಲಿ ಒಬ್ಬರು ಊರಿಂದ ತಂದ ಗೆಜ್ಜೆ ಮಾರೋಕೆ ಹೋದಾಗ ಹಾಲ್‌ಮಾರ್ಕ್ ಇಲ್ಲದೆ ಬೆಳ್ಳಿ ಅಂತ ಬೋರ್ಡ್ ಹಾಕಂಗಿಲ್ಲ ಅಂತ ವಾಪಸ್ ಕಳಿಸಿದ್ರು. ಭಾರತದಲ್ಲಿ ಯಾಕೆ ಹಾಗಿಲ್ಲ?

ಕುಲುಮೆ ತುಮಕೂರು
ಅಲರ್ಜಿ ಇದ್ರೆ ನಿಮ್ಮ ಮಾತೇ ಸರಿ ಸುಧಾ ಅವರೇ, ಆಗ ಗುರುತು ಇರೋ 92.5 ಬಿಟ್ಟು ಬೇರೆ ಹಾಕಬೇಡಿ.

ಇಲ್ಲಿ ಚಿನ್ನಕ್ಕೆ 2021ರಿಂದ ಕಡ್ಡಾಯ ಮಾಡ್ತಾ ಬಂದ್ರು, ಬೆಳ್ಳಿಗೆ ಇನ್ನೂ ಅಂಗಡಿಯವರ ಇಷ್ಟ. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಎಚ್‌ಯುಐಡಿ, ಅಂದ್ರೆ ನಾನು ಮೇಲೆ ಕೇಳಿದ ಆರು ಅಕ್ಷರ-ಅಂಕಿ ನಂಬರ್ ಬಂದಿದೆ, ಆದ್ರೆ ಹಾಕಿಸಲೇಬೇಕು ಅಂತಿಲ್ಲ. ಹಾಕಿಸಿದ್ರೆ ವಸ್ತು ಮೇಲೆ ಬಿಐಎಸ್ ಗುರುತು, ಬೆಳ್ಳಿ ಅನ್ನೋ ಪದದ ಜೊತೆ ದರ್ಜೆ, ಅಂದ್ರೆ 925, 835, 800 ಹೀಗೆ, ಮತ್ತೆ ಆ ಆರು ಅಕ್ಷರದ ನಂಬರ್, ಮೂರೂ ಇರುತ್ತೆ. ಆ ನಂಬರನ್ನ BIS Care ಆ್ಯಪಲ್ಲಿ Verify HUID ಅಂತ ಇರೋ ಕಡೆ ಹಾಕಿದ್ರೆ ಯಾವ ವಸ್ತು, ಎಷ್ಟು ಶುದ್ಧ, ಯಾರು ಮುದ್ರೆ ಹಾಕ್ಸಿದ್ದು ಅಂತ ತೋರಿಸುತ್ತೆ. ಗೆಜ್ಜೆ ಅಂತ ಮಾರ್ತಾ ಇರೋದಕ್ಕೆ ಆ್ಯಪಲ್ಲಿ ಉಂಗುರ ಅಂತ ಬಂದ್ರೆ ನಂಬರ್ ಕದ್ದು ಹೊಡೆದಿದಾರೆ ಅಂತ. ಬರೀ 925 ಅನ್ನೋದು ಬೇರೆ, ಆ ಪಂಚ್ ಯಾರ ಹತ್ರ ಬೇಕಾದ್ರೂ ಇರುತ್ತೆ, ನನ್ನ ಹತ್ರನೂ ಒಂದಿದೆ. ಅದು ಅಂಗಡಿಯವರ ಮಾತಷ್ಟೇ, ಪರೀಕ್ಷೆ ಅಲ್ಲ. ಶಾಲ್ಮಲ ಮೇಡಂ ಗೆಜ್ಜೆಗೆ ಇದ್ದಿದ್ದು ಅದೇ.

ಪುಟ್ಟಮ್ಮ ಮಗಳು
ನನ್ನ ಮಗುಗೆ ನಾಮಕರಣಕ್ಕೆ ಹಾಕಿದ ಕಾಲ್ಗಡಗ ಒಂದೇ ತಿಂಗಳಿಗೆ ಕಪ್ಪಾಗಿದೆ, ಮೈಯಲ್ಲಿ ಉಷ್ಣ ಜಾಸ್ತಿ ಆದ್ರೆ ಹೀಗಾಗುತ್ತೆ ಅಂತ ಅತ್ತೆ ಹೇಳ್ತಿದಾರೆ, ತೆಗೀಬೇಕಾ? ಡಾಕ್ಟರ್ ಹತ್ರ ಹೋಗ್ಬೇಕಾ?

ಸುಧಾ ಲೆಸ್ಟರ್
ಮೇಲೆ ಹೇಳಿದಾರಲ್ಲಮ್ಮ, ಬೆವರಿಗೆ ಕಪ್ಪಾಗುತ್ತೆ, ಅದಕ್ಕೆ ಮಾತ್ರ ಡಾಕ್ಟರ್ ಬೇಡ. ಆದ್ರೆ ಮಗು ಕಾಲು ಬಾಯಿಗೆ ಹಾಕ್ಕೊಳ್ಳುತ್ತೆ, ಗೆಜ್ಜೆ ಗುಂಡು ಏನಾದ್ರೂ ಅಲ್ಲಾಡ್ತಾ ಇದ್ರೆ ಇವತ್ತೇ ತೆಗೀರಿ. ಗುಂಡಿಲ್ಲದ ಗಟ್ಟಿ ಕಡಗ ಆದ್ರೆ ಬಿಗಿ ಆಗ್ತಾ ಇದೆಯಾ ಅಂತ ವಾರಕ್ಕೊಮ್ಮೆ ಬೆರಳು ತೂರಿಸಿ ನೋಡಿ, ಮಕ್ಕಳ ಕಾಲು ಬೇಗ ದಪ್ಪ ಆಗುತ್ತೆ.

ಕರಾವಳಿ ಶೈಲಜಾ
ಮಾರಾಯ್ರೆ, ಕಪ್ಪು ತೆಗೀಲಿಕ್ಕೆ ನಾನು ಪಾತ್ರೆಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ ಬಿಸಿನೀರು, ಅಡುಗೆ ಸೋಡ ಹಾಕಿ ಅದರಲ್ಲಿ ಮುಳುಗಿಸ್ತೇನೆ, ಐದು ನಿಮಿಷಕ್ಕೆ ಬೆಳ್ಳಗೆ. ಬೆಳ್ಳಿ ಫಾಯಿಲಿಗೆ ತಾಗ್ಬೇಕು. ಹಲ್ಲಿನ ಪುಡಿ, ಬೂದಿ ಹಾಕಿ ಗಸಗಸ ಉಜ್ಜುವುದು ಬಿಟ್ಟ ಮೇಲೆ ಗೆಜ್ಜೆಯ ಹೂವಿನ ಡಿಸೈನ್ ಅಳಿಯುವುದು ನಿಂತಿದೆ. ಆದ್ರೆ ಬೇಕಂತಲೇ ಕಪ್ಪು ಮಾಡಿದ ಆಂಟಿಕ್ ಗೆಜ್ಜೆಯನ್ನು ಅದಕ್ಕೆ ಹಾಕಿ ಒಮ್ಮೆ ಹಾಳು ಮಾಡಿದ್ದೇನೆ, ಎಲ್ಲ ಬೆಳ್ಳಗಾಗಿ ಡಿಸೈನೇ ಕಾಣಿಸಲಿಲ್ಲ. ಕಲ್ಲು ಅಂಟಿಸಿದ್ದು, ಮೀನಾ ಬಣ್ಣದ್ದು ಸಹ ಹಾಕ್ಬೇಡಿ.

ನನ್ನದೊಂದು ಪ್ರಶ್ನೆ ಕಾಲುಂಗುರದ್ದು. ಮದುವೆಯಾಗಿ ಒಂಬತ್ತು ವರ್ಷ, ಮೂರನೇ ಜೊತೆ ಈಗ. ಪ್ರತಿ ಸಲ ಅಡಿಭಾಗ ಸವೆದು ಬ್ಲೇಡಿನ ಹಾಗೆ ಆಗಿ ಪಕ್ಕದ ಬೆರಳು ಕೊಯ್ಯುತ್ತದೆ. ಎರಡನೇ ಬಸುರಿಯಲ್ಲಿ ಕಾಲು ಊದಿ ತೆಗೀಲಿಕ್ಕೇ ಆಗ್ಲಿಲ್ಲ, ಆಸ್ಪತ್ರೆಯಲ್ಲಿ ಕತ್ತರಿಸಿದ್ರು.

ಕುಲುಮೆ ತುಮಕೂರು
ಶೈಲಜಾ ಅಕ್ಕ, ಕಾಲುಂಗುರಕ್ಕೆ ಗೆಜ್ಜೆಗಿಂತ ಕಷ್ಟದ ಬಾಳು, ನೆಲಕ್ಕೆ ಉಜ್ಜೋದು ಅದೇ. ಬರಿಗಾಲಲ್ಲಿ ಸಿಮೆಂಟು ನೆಲ, ಕಲ್ಲಂಗಳ ಓಡಾಡೋರಿಗೆ ಇನ್ನೂ ಬೇಗ. ಈಗ ಅಂಗಡಿಲಿ ಜೊತೆಗೆ ಒಂದೂವರೆ, ಎರಡು ಗ್ರಾಂದು ತಗಡಿನ ಥರ ಚಪ್ಪಟೆ ಇರೋವೇ ಜಾಸ್ತಿ, ಅಗಲ ಕಾಣುತ್ತೆ ದಪ್ಪ ಇರಲ್ಲ. ಅದು ಅಡಿಯಲ್ಲಿ ಸವೆದ್ರೆ ನೇರ ಬ್ಲೇಡೇ. ದಿನಾ ಹಾಕೋಕೆ ಎರಡು ಮಿಲಿಮೀಟರ್ ದುಂಡು ತಂತಿದು ಮಾಡಿಸಿ. ಸಾಮಾನ್ಯ ಬೆರಳಿಗೆ ಒಂದು ಸುತ್ತಿಗೆ ಹೆಚ್ಚುಕಮ್ಮಿ 1.7 ಗ್ರಾಂ ಬೀಳುತ್ತೆ, ಜೊತೆಗೆ ಮೂರೂವರೆ. ಮೂರು ಸುತ್ತಿಂದಾದ್ರೆ ಅದರ ಮೂರರಷ್ಟು, ಆದ್ರೆ ಸುತ್ತುಗಳ ಮಧ್ಯ ಮಣ್ಣು ಕೂರುತ್ತೆ, ಚರ್ಮ ಬೆಳ್ಳಗಾಗಿ ಸುಲಿಯುತ್ತೆ, ನನಗೆ ಒಂದೇ ಸುತ್ತು ಇಷ್ಟ.

ಬಾಯಿ ತೆರೆದಿರೋದನ್ನೇ ತಗೊಳ್ಳಿ, ಊತ ಬಂದಾಗ ಅಗಲ ಮಾಡಬಹುದು. ಆದ್ರೆ ಮನೇಲಿ ಪದೇ ಪದೇ ಹಿಗ್ಗಿಸಿ ಕುಗ್ಗಿಸಿ ಮಾಡಬೇಡಿ. ಬೆಳ್ಳಿ ಬಗ್ಗಿಸ್ತಾ ಬಗ್ಗಿಸ್ತಾ ಬಿರುಸಾಗುತ್ತೆ, ಬಾಯಿಯ ಎದುರು ಭಾಗದಲ್ಲಿ ಕೂದಲೆಳೆ ಬಿರುಕು ಬಂದು ಒಂದಿನ ಟಕ್ ಅಂತ ಮುರಿಯುತ್ತೆ. ಅಕ್ಕಸಾಲಿ ಹತ್ರ ಕೊಟ್ರೆ ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಮೆತ್ತಗೆ ಮಾಡಿ ಕೊಡ್ತಾರೆ, ಆಮೇಲೆ ಬಗ್ಗಿಸಬಹುದು. ಬಾಯಿಯ ಎರಡು ತುದಿ ಅರ ಹಾಕಿ ದುಂಡಗೆ ಮಾಡಿದಾರಾ ಅಂತ ಕೈಬೆರಳಿಂದ ಸವರಿ ನೋಡಿ, ಇಲ್ದಿದ್ರೆ ಕಾಲ್ಚೀಲ ಹರಿಯುತ್ತೆ. ಬಸುರಿಯರು ಏಳನೇ ತಿಂಗಳ ಹೊತ್ತಿಗೇ ಸಡಿಲ ಮಾಡಿಸ್ಕೊಳ್ಳೋದು ಒಳ್ಳೇದು, ಊದಿದ ಮೇಲೆ ಮಾಡಿಸೋದು ಕಷ್ಟ.

ರವಿಕಿರಣ್ 81
ನೀರಿನ ಲೆಕ್ಕದ ವಿಷಯ ಒಪ್ಕೋತೀನಿ, ಪೊಳ್ಳು ಗುಂಡಿನ ಬಗ್ಗೆ ಯೋಚನೆ ಮಾಡಿರ್ಲಿಲ್ಲ. ಆದ್ರೆ ದೊಡ್ಡ ಅಂಗಡಿಗಳಲ್ಲಿ ಮಷಿನ್ ಇದೆಯಲ್ಲ, ಎಕ್ಸ್‌ಆರ್‌ಎಫ್, ಅದರಲ್ಲಿ ಇಟ್ರೆ ಮುಗೀತಲ್ವಾ? ಶಾಲ್ಮಲ ಮೇಡಂ ಗೆಜ್ಜೆ ಅಲ್ಲಿ ಇಟ್ಟು ನೋಡ್ಬಹುದಲ್ಲ.

ಕುಲುಮೆ ತುಮಕೂರು
ನೋಡ್ಬಹುದು, ನೋಡ್ಲೇಬೇಕು, ಆದ್ರೆ ಹೇಗೆ ನೋಡ್ಬೇಕು ಅಂತ ಗೊತ್ತಿರ್ಬೇಕು. ಮಷಿನ್ ಮೇಲಿನ ತೆಳು ಪದರ ಮಾತ್ರ ಓದುತ್ತೆ. ಗೆಜ್ಜೆ ಮಾಡಿದ ಮೇಲೆ ಕಾಯಿಸಿ ಆಸಿಡ್ ನೀರಲ್ಲಿ ಹಾಕಿ ಬೆಳ್ಳಗೆ ಮಾಡ್ತೀವಲ್ಲ, ಆಗ ಮೇಲಿನ ತಾಮ್ರ ಕರಗಿ ಹೋಗಿ ಬೆಳ್ಳಿ ಮಾತ್ರ ಉಳಿಯುತ್ತೆ, ಅದರ ಮೇಲೆ ಬೆಳ್ಳಿ ಪಾಲಿಶ್ ಬೇರೆ. ಒಳಗೆ 75 ಇದ್ರೂ ಮೇಲೆ 88 ತೋರಿಸಬಹುದು. ಕಣ್ಣಿಗೆ ಕಾಣದ ಕಡೆ ಒಂದು ಗುಂಡಿಗೆ ಅರ ಹಾಕಿಸಿ ಅಲ್ಲಿ ಓದಿಸಿ, ಬೆಸುಗೆ ಇರೋ ಜಾಗದಲ್ಲೂ ಒಂದು ಸಲ. ಅಂಗಡಿಲಿ ಬೇಡ ಮೇಡಂ, ಹಾಲ್‌ಮಾರ್ಕಿಂಗ್ ಸೆಂಟರಿಗೆ ಹೋಗಿ, ನಮ್ಮಂಥ ಸಾಮಾನ್ಯ ಜನರ ವಸ್ತುನೂ ಫೀಸ್ ತಗೊಂಡು ಪರೀಕ್ಷೆ ಮಾಡಿ ರಿಪೋರ್ಟ್ ಕೊಡ್ತಾರೆ. ಹೇಗಿದ್ರೂ ಕಿತ್ತಿದೆ, ಮಾರೋದೇ ಆದ್ರೆ ಕಣ್ಣೆದುರಿಗೇ ಕರಗಿಸಿ ಟಂಚ್ ತೆಗೆಸಿ.

ಶಾಲ್ಮಲ ಹಾಸನ
ಹನ್ನೆರಡು ದಿನ ಆಯ್ತು, ಎಲ್ರೂ ಕೇಳ್ತಿದ್ರಲ್ಲ, ಆಗಿದ್ದು ಹೇಳ್ತೀನಿ. ಸೆಂಟರಿಗೆ ತಗೊಂಡು ಹೋದೆ. ಹಾಗೇ ಇಟ್ಟು ಓದಿದಾಗ 86 ಬಂತು. ಅದೇ ಗುಂಡಿಗೆ ಅರ ಹಾಕಿ ಓದಿದಾಗ 77. ಕೊಕ್ಕೆ ಹತ್ರ ಬೆಸುಗೆ ಜಾಗದಲ್ಲಿ 64. ನಾನು ಅಲ್ಲೇ ನಿಂತು ಮೂರೂ ಬರ್ಕೊಂಡೆ. ಆಮೇಲೆ ಎರಡೂ ಗೆಜ್ಜೆ ನನ್ನ ಕಣ್ಣೆದುರೇ ಕರಗಿಸಿ ನೋಡಿದ್ರು, ಒಟ್ಟಾರೆ 75.

ಲೆಕ್ಕ ಹಾಕ್ದೆ. 45 ಗ್ರಾಂಗೆ 75 ಅಂದ್ರೆ 33.75 ಗ್ರಾಂ ಬೆಳ್ಳಿ. ಅಂಗಡಿಯವರ 65ರಲ್ಲಿ 29.25 ಆಗ್ತಿತ್ತು, ಅಂದ್ರೆ ನನಗೆ ನಾಲ್ಕೂವರೆ ಗ್ರಾಂ ಹೋಗ್ತಿತ್ತು. ಮುದ್ರೆ ಪ್ರಕಾರ 92.5 ಇದ್ದಿದ್ರೆ 41.6 ಗ್ರಾಂ ಇರ್ಬೇಕಿತ್ತು. ಸುಮಾರು ಎಂಟು ಗ್ರಾಂ ಬೆಳ್ಳಿಗೆ ದುಡ್ಡು ಕೊಟ್ಟು ತಾಮ್ರ ತಗೊಂಡಿದೀನಿ, ಜೊತೆಗೆ ಪೂರಾ ತೂಕಕ್ಕೆ ಮಜೂರಿ, ಮೂರು ಪರ್ಸೆಂಟ್ ಜಿಎಸ್‌ಟಿ ಬೇರೆ. ರಿಪೋರ್ಟ್ ತಗೊಂಡು ಅಂಗಡಿಗೆ ಹೋಗಿದ್ದೆ, ಬೆಸುಗೆ ಇರುತ್ತೆ ಮೇಡಂ ಅದಕ್ಕೇ ಕಮ್ಮಿ ಬರುತ್ತೆ ಅಂತಾರೆ.

ಕುಲುಮೆ ತುಮಕೂರು
ಬೆಸುಗೆ ಕಮ್ಮಿ ಟಂಚಿಂದೇ ಇರುತ್ತೆ, ಅದು ನಿಜ, ಬೆಸುಗೆ ಬೆಳ್ಳಿಗಿಂತ ಮೊದಲು ಕರಗಬೇಕಲ್ಲ. ಉಂಗುರ ಜಾಸ್ತಿ ಇರೋ ಗೆಜ್ಜೆಲಿ ಅದರಿಂದ ಒಟ್ಟು ಟಂಚ್ ಸ್ವಲ್ಪ ಇಳಿಯುತ್ತೆ. ಆದ್ರೆ ನಿಮ್ಮದರಲ್ಲಿ ಬೆಸುಗೆ ಇಲ್ಲದ ಗುಂಡೇ 77, ಅದಕ್ಕೆ ಏನು ಉತ್ತರ ಅಂತ ಕೇಳಿ. ಬಿಲ್ಲಲ್ಲಿ 92.5 ಅಂತ ಬರೆದಿದಾರಾ, ಬರೀ ಬೆಳ್ಳಿ ಗೆಜ್ಜೆ ಅಂತಲಾ?

ಶಾಲ್ಮಲ ಹಾಸನ
ಈಗ ತೆಗೆದು ನೋಡ್ದೆ. ಸಿಲ್ವರ್ ಆರ್ನಮೆಂಟ್ಸ್, ಒಂದು ಜೊತೆ, 46.2 ಗ್ರಾಂ. ಶುದ್ಧತೆ ಏನೂ ಬರೆದಿಲ್ಲ. ಹೇಳೋವಾಗ 92.5 ಅಂತ ಬಾಯಲ್ಲಿ ಹೇಳಿದ್ರು, ಗೆಜ್ಜೆ ಮೇಲೆ ಮುದ್ರೆ ಇತ್ತು.

ಬೆಳಗಾವಿ ಗಂಗಾ
ಅಯ್ಯೋ ಟೀಚರ, ಅದ ನೋಡ್ರಿ. ಗ್ರಾಹಕರ ಕೋರ್ಟಿಗಿ ಹೋಗಾಕ ಬರ್ತದ ಅಂತಾರ, ಗೆಜ್ಜಿ ಕರಗಿಸೂ ಮೊದ್ಲ ಮುದ್ರಿ ಫೋಟೋ ತಗೊಂಡೀರಿಲ್ಲೋ?

ಶಾಲ್ಮಲ ಹಾಸನ
ಜೂಮ್ ಮಾಡಿ ತೆಗೆದಿದ್ದ ಫೋಟೋ ಇದೆ ಅಕ್ಕ, ಪುಣ್ಯ. ರಿಪೋರ್ಟೂ ಇದೆ. ಆದ್ರೆ ಆ ರಿಪೋರ್ಟು ಇದೇ ಗೆಜ್ಜೆದು ಅಂತ ಹೇಗೆ ತೋರಿಸೋದು ಗೊತ್ತಾಗ್ತಿಲ್ಲ, ಒಂದು ಗೆಜ್ಜೆನಾದ್ರೂ ಹಾಗೇ ಇಟ್ಕೋಬೇಕಿತ್ತು. ಸದ್ಯಕ್ಕೆ ಪತ್ರ ಬರೆದು ಕೊಟ್ಟಿದೀನಿ, ಮಾಲೀಕರು ಊರಲ್ಲಿಲ್ಲ ಅಂದ್ರು.

ಆ ಬೆಳ್ಳಿ ಕೊಟ್ಟು ಬೇರೆ ಕಡೆ ಹೊಸದು ಆರ್ಡರ್ ಮಾಡಿದೀನಿ, ಗುಂಡಿಲ್ಲದ ಸಾದಾ ಸರಪಳಿ, ಕೊಂಡಿ ತಂತಿ 1.2 ಮಿಲಿಮೀಟರ್, ತಿರುಪಿನ ಕೊಕ್ಕೆ, ಎಚ್‌ಯುಐಡಿ ಹಾಕಿಸಿ ಕೊಡ್ತೀವಿ ಅಂದಿದಾರೆ, ಬಿಲ್ಲಲ್ಲಿ 925 ಅಂತ ಬರೆಸ್ತೀನಿ. ಅಂಗಡಿಲಿ ಹೆಣೆದ ಥರದ್ದು, ಜಡೆ ಹಾಗಿರೋದು ಒಂದು ತೋರಿಸಿದ್ರು, ಬಹಳ ಚೆನ್ನಾಗಿತ್ತು. ಅದು ತಗೋಬಹುದಾ?

ಕುಲುಮೆ ತುಮಕೂರು
ಹಬ್ಬಕ್ಕೆ ತಗೊಳ್ಳಿ, ದಿನಾ ಬೇಡ. ಹೆಣೆದದ್ದು ಕಿತ್ತರೆ ರಿಪೇರಿ ಮಾಡೋಕೆ ಹೋದಾಗ ಬೆಸುಗೆ ಎಳೆಗಳ ಮಧ್ಯ ಹರಿದು ಆ ಜಾಗ ಕಡ್ಡಿ ಥರ ಸೆಟೆದು ನಿಲ್ಲುತ್ತೆ, ಅಲ್ಲೇ ಪಕ್ಕದಲ್ಲಿ ಮತ್ತೆ ಮುರಿಯುತ್ತೆ. ನಾನೇ ಎಷ್ಟೋ ಜನಕ್ಕೆ ಆಗಲ್ಲ ಅಂತ ವಾಪಸ್ ಕೊಟ್ಟಿದೀನಿ. ತಿರುಪಿನ ಕೊಕ್ಕೆ ಒಳ್ಳೇದು, ಆದ್ರೆ ತಿರುಪಿನ ಹಲ್ಲು ಸವೆದ್ರೆ ನಡೆಯೋವಾಗ ತಾನೇ ಬಿಚ್ಚಿಕೊಳ್ಳುತ್ತೆ, ವಾರಕ್ಕೊಮ್ಮೆ ಬಿಗಿ ಇದೆಯಾ ನೋಡ್ಕೊಳ್ಳಿ.

ಕರಾವಳಿ ಶೈಲಜಾ
ಟೀಚರ್, ಹೊಸದು ಬಂದ ಮೇಲೆ ಆ ನಂಬರ್ ಆ್ಯಪಲ್ಲಿ ಹಾಕಿ ಏನು ತೋರಿಸ್ತದೆ ಅಂತ ಇಲ್ಲಿ ಹಾಕಿ ಆಯ್ತಾ, ನಾನೂ ಎರಡು ಮಿಲಿಮೀಟರ್ ಕಾಲುಂಗುರ ಮಾಡಿಸ್ಲಿಕ್ಕೆ ಕೊಟ್ಟಿದ್ದೇನೆ. ಇಲ್ಲಿಯವರು ಕಾಲುಂಗುರದಷ್ಟು ಸಣ್ಣದಕ್ಕೆ ಮುದ್ರೆ ಹಾಕಿಸ್ಲಿಕ್ಕೆ ಒಪ್ತಾ ಇಲ್ಲ, ಬಿಲ್ಲಲ್ಲಿ 925 ಬರೆದು ಕೊಡ್ತಾರಂತೆ.

ಶಾಲ್ಮಲ ಹಾಸನ
ಖಂಡಿತ ಹಾಕ್ತೀನಿ ಅಕ್ಕ. ಬರೋ ಶುಕ್ರವಾರ ಕೊಡ್ತೀವಿ ಅಂದಿದಾರೆ.